‘ಕಟ್ಟಡ ಭದ್ರವಾಗಿದೆ’ ಎಂಬ ಒಂದು ವಾಕ್ಯ

ಕಳೆದ ಬೇಸಗೆ ರಜೆಯಲ್ಲಿ ನಾವು ಆಸ್ಪರಿಗೆ ಹೋಗಿದ್ದೆವು. ನಮ್ಮ ವಾಚಕರಲ್ಲಿ ಹೆಚ್ಚಿನವರು ಈ ಊರಿನ ಹೆಸರನ್ನು ಕೇಳಿರಲಾರರು. ಮುಂಬಯಿಯಿಂದ ಚೆನ್ನೈಗೆ ಹೋಗುವ ರೈಲು ಹಾದಿಯಲ್ಲಿ ಆದೋನಿಗೂ ಗುಂತಕಲ್ಲಿಗೂ ನಡುವೆ, ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಯ ಪಡುವಣ ಅಂಚಿನಲ್ಲಿ ಇರುವ ಊರು ಅದು. ನಮ್ಮ ಭಾವನವರು ರೈಲ್ವೆ ನೌಕರರು. ಅವರ ಬಿಡಾರ ಅಲ್ಲಿ. ಸುತ್ತಿನ ಹಳ್ಳಿಗಳಲ್ಲಿ ಮನೆಯೊಳಗೆ ಕನ್ನಡ, ಕಚೇರಿಯಲ್ಲಿ ತೆಲುಗು ಎಂದು ಬದುಕುತ್ತಿರುವ ಕುಟುಂಬಗಳು ಇವೆ. ಈ ಪಾಡು ನಮಗೇನೂ ಹೊಸತಲ್ಲವಾದ್ದರಿಂದ ಎರಡೇ ದಿನಗಳಲ್ಲಿ ನಾವು ಅಲ್ಲಿ ಪರಿಚಿತರಾಗಿಬಿಟ್ಟೆವು.

ಭಾವನವರ ಮಗ ಸಿವಿಲ್ ಇಂಜಿನಿಯರಿಂಗ್ ಕಲಿಯುವವನು, ಕೊನೆಯ ವರ್ಷ. ಅವನೂ ಅವನ ಮೂವರು ಸಹಪಾಠಿಗಳೂ ಸೇರಿ ಆಸ್ಪರಿಗೆ ಸಮೀಪದ ಹಳ್ಳಿಯೊಂದರ ಹಳೆಯ ಶಾಲಾ ಕಟ್ಟಡವನ್ನು ತಮ್ಮ ಪ್ರಾಜೆಕ್ಟಿಗೆ ಆರಿಸಿಕೊಂಡಿದ್ದರು. ವರದಿ ಇಂಗ್ಲಿಷಿನಲ್ಲಿ ಸಿದ್ಧವಾಗಿತ್ತು. ಬೈಂಡು ಮಾಡಿಸುವುದೊಂದು ಬಾಕಿ. ಅಷ್ಟರಲ್ಲಿ ಆ ಹಳ್ಳಿಯ ಗೌಡರು, “ಅದರೊಳಗ ಏನು ಬರದೀರಿ ಅಂತ ನಮಗೂ ಗೊತ್ತಾಗಬೇಕಲ್ಲ” ಎಂದು ಹೇಳಿ ಕಳುಹಿಸಿದರು. ಅಳಿಯ ನಮ್ಮ ಮುಂದೆ ಹಾಳೆಗಳನ್ನು ಇಟ್ಟು, “ಮಾವ, ಪೂರ್ತಿ ಬೇಡ. ಸಾರಾಂಶ ಮತ್ತು ಕೊನೆಯ ತೀರ್ಮಾನಗಳು, ಈ ಎರಡು ಪುಟ ಸಾಕು. ಕನ್ನಡಕ್ಕೆ ಮಾಡಿಕೊಡಿ” ಎಂದ. ನಾವು ಒಂದು ಗಂಟೆಯ ಕೆಲಸವೆಂದು ಭಾವಿಸಿದೆವು. ಅದು ನಾಲ್ಕು ದಿನ ಹಿಡಿಯಿತು.

ಸಾರಾಂಶ ಹೀಗಿತ್ತು: “ಶಾಲಾ ಕಟ್ಟಡದ ಭದ್ರತೆಯನ್ನು ಆಧುನಿಕ ವಿಧಾನಗಳಿಂದ ಪರೀಕ್ಷಿಸಲಾಯಿತು. ಕಾಂಕ್ರೀಟಿನ ಬಲವು ಚದರ ಮಿಲ್ಲಿಮೀಟರಿಗೆ 28.4 ನ್ಯೂಟನ್ ಎಂದು ಸಿದ್ಧಪಟ್ಟಿತು. ಇದು ಎಂ 20 ದರ್ಜೆಗಿಂತ ಹೆಚ್ಚಾದುದರಿಂದ ಕಟ್ಟಡ ಭದ್ರವಾಗಿದೆ. ಗೋಡೆಯ ಬಿರುಕುಗಳಿಗೆ ಎರೆಮಣ್ಣೇ ಕಾರಣ. ಸಣ್ಣಪುಟ್ಟ ದುರಸ್ತಿ ಮಾಡಿದರೆ ಕಟ್ಟಡ ಇನ್ನೂ 30 ವರ್ಷ ಬಾಳುವುದು.” ಓದುವುದಕ್ಕೆ ಎಷ್ಟು ಚೆನ್ನಾಗಿದೆ! ಆದರೆ ‘ಪರೀಕ್ಷಿಸಲಾಯಿತು’ ಎಂದು ಬರೆಯುವಾಗ ನಮ್ಮ ಲೇಖನಿ ನಿಂತಿತು. ಯಾವ ಭಾಗವನ್ನು ಪರೀಕ್ಷಿಸಿದಿರಿ, ಎಷ್ಟು ಕಡೆ ಎಂದು ಕೇಳಿದೆವು. ಅಲ್ಲಿಂದ ಗಂಟು ಬಿಚ್ಚುತ್ತಾ ಹೋಯಿತು.

ಕಟ್ಟಡ 1986ರದ್ದೆಂದು ಬಾಗಿಲ ಮೇಲಿನ ಕಲ್ಲು ಹೇಳುತ್ತದೆ. ನಾಲ್ಕು ಕೋಣೆ, ಮುಂದೆ ಪಡಸಾಲೆ, ಪಡಸಾಲೆಗೆ ಎಂಟು ಕಾಂಕ್ರೀಟು ಕಂಬ, ಮೇಲೆ ಕಾಂಕ್ರೀಟು ಸ್ಲಾಬು. ನಕ್ಷೆ ಯಾರಲ್ಲಿಯೂ ಇಲ್ಲ. ಹುಡುಗರು ಪರೀಕ್ಷಿಸಿದ್ದು ಆರು ಕಂಬಗಳನ್ನು ಮಾತ್ರ. ಉಳಿದೆರಡಕ್ಕೆ ದಪ್ಪ ಗಾರೆ ಇದ್ದು, ಅದನ್ನು ಕೆತ್ತಲು ಒಪ್ಪಿಗೆ ಸಿಗಲಿಲ್ಲವಂತೆ. ಸ್ಲಾಬಿನ ಕೆಳಗೆ ಏಣಿ ಇಟ್ಟು ಕಣ್ಣಿನಿಂದ ನೋಡಿದರು, ಅಷ್ಟೆ. ಅಡಿಪಾಯವನ್ನು ಅಗೆಯಲಿಲ್ಲ. ಹಾಗಾದರೆ ‘ಕಟ್ಟಡ’ ಎಂಬ ಪದ ಎಲ್ಲಿಂದ ಬಂತು? ಅವರು ಕಂಡದ್ದು ಆರು ಕಂಬಗಳ ಮೈಯನ್ನು.

ಕಂಡ ಬಗೆಯನ್ನೂ ಹೇಳಬೇಕು. ಅವರು ಬಳಸಿದ ಉಪಕರಣಕ್ಕೆ ರಿಬೌಂಡ್ ಹ್ಯಾಮರ್ ಎನ್ನುತ್ತಾರೆ. ಸ್ವಿಟ್ಜರ್ಲೆಂಡಿನ ಅರ್ನ್ಸ್ಟ್ ಶ್ಮಿಟ್ ಎಂಬ ಇಂಜಿನಿಯರರು 1940ರ ದಶಕದ ಕೊನೆಗೆ ರೂಪಿಸಿದ್ದು. ಉದ್ದನೆಯ ಟಾರ್ಚಿನಂತಹ ಕೊಳವೆ. ಒಳಗೆ ಸ್ಪ್ರಿಂಗು, ಅದಕ್ಕೆ ಕಟ್ಟಿದ ಒಂದು ತೂಕ. ತುದಿಯನ್ನು ಕಾಂಕ್ರೀಟಿಗೆ ಒತ್ತಿದರೆ ತೂಕವು ಹೊಡೆದು ಹಿಂದಕ್ಕೆ ಪುಟಿಯುತ್ತದೆ. ಎಷ್ಟು ಪುಟಿಯಿತೆಂಬುದನ್ನು ಒಂದು ಮುಳ್ಳು ತೋರಿಸುತ್ತದೆ. ಗಟ್ಟಿ ಮೈಯಾದರೆ ಹೆಚ್ಚು ಪುಟಿತ, ಮೆತ್ತನೆಯ ಮೈಯಾದರೆ ಕಡಿಮೆ. ಹುಡುಗರು ಒಂದೊಂದು ಜಾಗದಲ್ಲಿ ಹತ್ತು ಪೆಟ್ಟು ಹಾಕಿ, ತೀರ ಹೊರಗುಳಿದ ಅಂಕಿಗಳನ್ನು ಬಿಟ್ಟು ಸರಾಸರಿ ತೆಗೆದಿದ್ದಾರೆ. ಈ ಕೆಲಸ ಶ್ರದ್ಧೆಯಿಂದಲೇ ಆಗಿದೆ. ಅವರ ಪುಸ್ತಕವನ್ನು ನಾವು ನೋಡಿದ್ದೇವೆ.

ಆದರೆ ಹ್ಯಾಮರು ಅಳೆಯುವುದು ಪುಟಿತವನ್ನು, ಬಲವನ್ನಲ್ಲ. ಪುಟಿತದಿಂದ ಬಲಕ್ಕೆ ಹೋಗಲು ಉಪಕರಣದ ಜೊತೆಗೆ ಬರುವ ನಕ್ಷಾರೇಖೆಯೊಂದಿದೆ. ಆ ರೇಖೆಯನ್ನು ಎಳೆದವರು ಆಸ್ಪರಿಯ ಜಲ್ಲಿಯನ್ನಾಗಲಿ ಮರಳನ್ನಾಗಲಿ ನೋಡಿದವರಲ್ಲ. ಆದ್ದರಿಂದಲೇ ಈ ಪರೀಕ್ಷೆಗಾಗಿ 1992ರಲ್ಲಿ ಹೊರಟ ಭಾರತೀಯ ಮಾನಕದಲ್ಲಿ, ಹೀಗೆ ಊಹಿಸಿದ ಬಲವು ಶೇಕಡಾ 25ರಷ್ಟು ಅತ್ತ ಅಥವಾ ಇತ್ತ ಇರಬಹುದೆಂದು ಸ್ಪಷ್ಟವಾಗಿಯೇ ಹೇಳಿದ್ದರು. ಅಂದರೆ 28.4 ಎಂಬುದು ವಾಸ್ತವವಾಗಿ 21ರಿಂದ 35ರವರೆಗೆ ಎಲ್ಲಿಯೂ ಇರಬಹುದಾದ ಒಂದು ಅಂಕಿ. ಬಿಂದುವಿನ ಮುಂದಿನ ಆ 4 ಯಾರನ್ನು ಮೆಚ್ಚಿಸಲು? ನಾವು ಕೇಳಿದಾಗ ಅಳಿಯ, “ಕ್ಯಾಲ್ಕುಲೇಟರಿನಲ್ಲಿ ಹಾಗೆ ಬಂತು, ಮಾವ” ಎಂದು ನಕ್ಕ.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದು. ಕಾಂಕ್ರೀಟು ವರ್ಷಗಟ್ಟಲೆ ಗಾಳಿಗೆ ಒಡ್ಡಿಕೊಂಡಿದ್ದರೆ, ಗಾಳಿಯ ಇಂಗಾಲಾಮ್ಲ ಅದರ ಮೈಯೊಳಗೆ ನಿಧಾನವಾಗಿ ಇಳಿಯುತ್ತದೆ. ಇದರಿಂದ ಹೊರಮೈ ಗಟ್ಟಿಯಾಗುತ್ತದೆ, ಒಳಗಿನ ಬಲವೇನೂ ಹೆಚ್ಚುವುದಿಲ್ಲ. ಹ್ಯಾಮರಿಗೆ ಸಿಗುವುದು ಹೊರಮೈ ಮಾತ್ರ. ಹುಡುಗರು ಒಂದು ಕಂಬದ ಮೂಲೆಯನ್ನು ಚೂರು ಒಡೆದು ಫಿನಾಲ್ಫ್‌ತಲೀನ್ ದ್ರಾವಣ ಚಿಮುಕಿಸಿದ್ದರು. ಶಾಲೆಯ ಪ್ರಯೋಗಾಲಯದಲ್ಲಿ ಕ್ಷಾರವನ್ನು ಗುರುತಿಸಲು ಬಳಸುವ ಅದೇ ದ್ರಾವಣ. ಕ್ಷಾರವಿದ್ದಲ್ಲಿ ಗುಲಾಬಿ ಬಣ್ಣ ಬರುತ್ತದೆ, ಇಂಗಾಲಾಮ್ಲ ತಿಂದು ಕ್ಷಾರ ಕಳೆದಲ್ಲಿ ಬಣ್ಣವಿಲ್ಲ. ಹೊರಗಿನಿಂದ ಸುಮಾರು 22 ಮಿಲ್ಲಿಮೀಟರಿನವರೆಗೆ ಬಣ್ಣ ಬಂದಿರಲಿಲ್ಲ. ಇಂತಹ ಮೈಯ ಮೇಲೆ ಹ್ಯಾಮರು ತೋರಿಸುವ ಬಲ ನಿಜಕ್ಕಿಂತ ಶೇಕಡಾ 50ರವರೆಗೂ ಹೆಚ್ಚಾಗಿರಬಹುದೆಂಬ ಎಚ್ಚರಿಕೆಯೂ ಅದೇ ಮಾನಕದಲ್ಲಿದೆ. ಆ ಪರಮಾವಧಿಯನ್ನೇ ಹಿಡಿದರೆ 28.4ನ್ನು ಒಂದೂವರೆಯಿಂದ ಭಾಗಿಸಬೇಕು. ಸುಮಾರು 19 ಬರುತ್ತದೆ. ‘20ಕ್ಕಿಂತ ಹೆಚ್ಚು’ ಎಂಬ ಮಾತು ಅಲ್ಲಿಗೆ ಮುಗಿಯಿತು. ವಿಚಿತ್ರವೆಂದರೆ ಗುಲಾಬಿ ಬಣ್ಣದ ಫಲಿತಾಂಶ ವರದಿಯ ನಾಲ್ಕನೆಯ ಅಧ್ಯಾಯದಲ್ಲಿ ಇತ್ತು. ಸಾರಾಂಶದಲ್ಲಿ ಅದರ ಸುಳಿವೇ ಇಲ್ಲ!

ಸರಾಸರಿಯ ತಪ್ಪನ್ನು ಕಂಡುಹಿಡಿದದ್ದು ನಾವೇ ಎಂದು ಸ್ವಲ್ಪ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅಂಕಪಟ್ಟಿ ಬರೆಯುವುದೇ ನಮ್ಮ ಕಸುಬಲ್ಲವೆ? ಎಂ 20 ಎಂದರೆ ಸರಾಸರಿ 20 ಎಂದಲ್ಲ. ನೂರು ಮಾದರಿಗಳನ್ನು ಒಡೆದರೆ ಐದಕ್ಕಿಂತ ಹೆಚ್ಚು 20ಕ್ಕಿಂತ ಕೆಳಗೆ ಬೀಳಬಾರದು ಎಂದು ಅರ್ಥ. ಆದ್ದರಿಂದ ಹೊಸ ಕೆಲಸಕ್ಕೆ ಮಿಶ್ರಣ ಗೊತ್ತುಮಾಡುವಾಗ ಇಂಜಿನಿಯರರು ಸರಾಸರಿಯನ್ನು 26ರ ಮೇಲೆಯೇ ಇಟ್ಟುಕೊಳ್ಳುತ್ತಾರೆ. ತರಗತಿಯ ಸರಾಸರಿ 40 ಬಂತೆಂದು ಎಲ್ಲ ಮಕ್ಕಳೂ ಉತ್ತೀರ್ಣರಾಗುವುದುಂಟೆ? ಆರು ಕಂಬಗಳಲ್ಲಿ ಅತಿ ಕಡಿಮೆಯದು 23, ಹೆಚ್ಚಿನದು 34. ಆ ಎರಡು ಅಂಕಿಗಳನ್ನು ಹೇಳದೆ ನಡುವಿನದನ್ನು ಮಾತ್ರ ಹೇಳಿದರೆ ಓದುವವನಿಗೆ ಮೋಸವಾಗುತ್ತದೆ. ಅಲ್ಲದೆ 1986ರ ಕಟ್ಟಡವನ್ನು ಎಂ 20ರ ಪಕ್ಕದಲ್ಲಿ ನಿಲ್ಲಿಸುವುದೂ ಅಷ್ಟು ಸರಿಯಲ್ಲ. ಕಬ್ಬಿಣ ಹಾಕಿದ ಕಾಂಕ್ರೀಟಿಗೆ ಕನಿಷ್ಠ ಎಂ 20 ಇರಬೇಕೆಂದು ಬಂದದ್ದು ಮಾನಕದ 2000ದ ಆವೃತ್ತಿಯಲ್ಲಿ. ಅದಕ್ಕೆ ಮುಂಚಿನ 1978ರದ್ದರಲ್ಲಿ ಎಂ 15 ಸಾಕಾಗಿತ್ತು.

ಇನ್ನು ಎರೆಮಣ್ಣು. ಮುರಕಲ್ಲಿನ ಗಟ್ಟಿ ನೆಲದ ಮೇಲೆ ಮನೆ ಕಟ್ಟುವ ನಮ್ಮ ಕಾಸರಗೋಡಿನವರಿಗೆ ಈ ಮಣ್ಣಿನ ಚೇಷ್ಟೆ ತಿಳಿಯದು. ಆದೋನಿಯ ಹತ್ತಿ ಪೇಟೆಗೆ ಹತ್ತಿ ಬೆಳೆದುಕೊಡುವ ಕಪ್ಪುನೆಲವೇ ಅದು. ಮಳೆ ನೀರು ಕುಡಿದರೆ ಉಬ್ಬುತ್ತದೆ. ಬೇಸಗೆಯಲ್ಲಿ ಒಣಗಿ ಕುಗ್ಗಿ, ಕೈ ತೂರುವಷ್ಟು ಬಾಯಿಬಿಡುತ್ತದೆ. ಮೇಲಿನ ಕಟ್ಟಡದ ಒಂದು ಮೂಲೆ ಏಳುತ್ತದೆ, ಇನ್ನೊಂದು ಇಳಿಯುತ್ತದೆ. ಕಿಟಕಿಯ ಮೂಲೆಗಳಿಂದ ಓರೆಯಾಗಿ ಬಿರುಕು ಹರಿಯುವುದು ಇದರ ಗುರುತು. ಆ ಶಾಲೆಯಲ್ಲಿಯೂ ಬಿರುಕುಗಳು ಹಾಗೆಯೇ ಇವೆ. ಹುಡುಗರು ಮೂರು ಬಿರುಕುಗಳಿಗೆ ಅಡ್ಡಲಾಗಿ ಪೆನ್ಸಿಲಿನ ಗುರುತು ಹಾಕಿ ಜನವರಿ ಕೊನೆಯಿಂದ ಮಾರ್ಚಿ ನಡುವಿನ ತನಕ ಅಳೆದರು. ಎರಡು ಕಡೆ ಸುಮಾರು ಅರ್ಧ ಮಿಲ್ಲಿಮೀಟರು ಹಿಗ್ಗಿತ್ತು, ಮೂರನೆಯದು ಇದ್ದಂತೆಯೇ ಇತ್ತು. ಎರೆಮಣ್ಣಿನ ಸಂಶಯಕ್ಕೆ ಇದು ಹೊಂದುತ್ತದೆ, ನಿಜ. ಆದರೆ ಮಣ್ಣೇ ಕಾರಣವೆಂದು ತೋರಿಸಬೇಕಾದರೆ ಮಳೆಗಾಲದಲ್ಲಿ ಅದೇ ಬಿರುಕು ಮುಚ್ಚಿಕೊಳ್ಳುವುದನ್ನೂ ನೋಡಬೇಕು, ಅಡಿಪಾಯದ ಪಕ್ಕ ಗುಂಡಿ ತೋಡಿ ಮಣ್ಣನ್ನು ಪರೀಕ್ಷೆಗೆ ಕಳುಹಿಸಬೇಕು. ಇವರ ಬಳಿ ಇರುವುದು ಒಣ ದಿನಗಳ ಏಳು ವಾರ. ಬರೇ ಬಿಸಿಲಿಗೆ ಸ್ಲಾಬು ಹಿಗ್ಗಿ ಗೋಡೆಯನ್ನು ತಳ್ಳಿದರೂ ಬಿರುಕು ಅಗಲವಾಗಬಹುದಲ್ಲ?

30 ವರ್ಷದ ಮಾತಿಗೆ ಆಧಾರವೇ ಇರಲಿಲ್ಲ. ಸೀನಿಯರುಗಳ ವರದಿಯೊಂದರಲ್ಲಿ ಇತ್ತೆಂದು ಹಾಕಿದ್ದರಂತೆ.

ಇಷ್ಟಾದ ಮೇಲೆ ಅಳಿಯ ಸಪ್ಪಗಾದ. ಮರುದಿನ ಬರೆದು ತಂದ ಹೊಸ ಸಾರಾಂಶದಲ್ಲಿ ‘ಇರಬಹುದು’, ‘ಸಾಧ್ಯತೆಯಿದೆ’, ‘ಹೆಚ್ಚಿನ ಅಧ್ಯಯನ ಅಗತ್ಯ’ ಇವೇ ತುಂಬಿದ್ದವು. ಒಂದು ವಾಕ್ಯವೂ ನೆಲದ ಮೇಲೆ ನಿಂತಿರಲಿಲ್ಲ. ಅದನ್ನು ಓದಿ, “ವಿದ್ಯಾರ್ಥಿಗಳ ಪ್ರಾಜೆಕ್ಟನ್ನು ಯಾರು ಓದುತ್ತಾರೆ, ಮಾವ? ಹೀಗೆಯೇ ಇರಲಿ” ಎಂದ. ಓದಿದ ಪ್ರಸಂಗವೊಂದನ್ನು ನಾವು ಅವನಿಗೆ ಹೇಳಿದೆವು. 1978ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಡಯೇನ್ ಹಾರ್ಟ್ಲಿ ಎಂಬ ವಿದ್ಯಾರ್ಥಿನಿ ಕೊನೆಯ ವರ್ಷದ ಪ್ರಬಂಧಕ್ಕಾಗಿ ನ್ಯೂಯಾರ್ಕಿನ 59 ಅಂತಸ್ತಿನ ಸಿಟಿಕಾರ್ಪ್ ಕಟ್ಟಡವನ್ನು ತೆಗೆದುಕೊಂಡಿದ್ದರು. ಗಾಳಿ ನೇರವಾಗಿ ಬೀಸುವುದಕ್ಕಿಂತ ಮೂಲೆಯ ಕಡೆಯಿಂದ ಬೀಸಿದರೆ ಹೆಚ್ಚು ಒತ್ತಡ ಬೀಳುತ್ತದೆಂದು ಅವರ ಲೆಕ್ಕಕ್ಕೆ ಬಂತು. ವಿನ್ಯಾಸದ ಕಚೇರಿಯಲ್ಲಿ ಕೇಳಿದಾಗ ಚಿಂತೆಯಿಲ್ಲ ಎಂದರು. ಅದೇ ವರ್ಷ ಇಂಜಿನಿಯರ್ ವಿಲಿಯಂ ಲಮೆಷರ್ ಲೆಕ್ಕವನ್ನು ಮತ್ತೆ ನೋಡಿ, ಬೋಲ್ಟು ಹಾಕಿದ ಕೂಡುಗಳ ಮೇಲೆ ರಾತ್ರಿ ಹೊತ್ತು ಉಕ್ಕಿನ ತಗಡು ಬೆಸೆಸಿದರು. ಲೋಕಕ್ಕೆ ಇದು ತಿಳಿದದ್ದು 1995ರಲ್ಲಿ. ಅವರನ್ನು ಎಚ್ಚರಿಸಿದ್ದು ಈ ವಿದ್ಯಾರ್ಥಿನಿಯ ಪ್ರಶ್ನೆಯೇ, ಇನ್ನೊಬ್ಬ ವಿದ್ಯಾರ್ಥಿಯದೇ ಎಂಬುದು ಇಂದಿಗೂ ಚರ್ಚೆಯಲ್ಲಿದೆ. ಹೇಗೂ ಒಬ್ಬ ವಿದ್ಯಾರ್ಥಿಯ ಲೆಕ್ಕವನ್ನು ಯಾರೋ ಗಂಭೀರವಾಗಿ ತೆಗೆದುಕೊಂಡದ್ದಂತೂ ಹೌದು.

ಅಂದು ಸಂಜೆ ಗೌಡರೇ ಬಂದರು. ಚಹ ಕುಡಿದು, ನಮ್ಮ ಅರ್ಧ ಅನುವಾದವನ್ನು ಕೇಳಿ, ಒಂದೇ ಪ್ರಶ್ನೆ ಹಾಕಿದರು: “ಹುಡುಗ್ರನ್ನ ಒಳಗ ಕೂಡಿಸಬೇಕೋ ಬ್ಯಾಡೋ, ಅದನ್ನ ಹೇಳ್ರಿ ಮೇಷ್ಟ್ರೇ.” ನಾವು ಅಳಿಯನ ಮುಖ ನೋಡಿದೆವು, ಅವನು ನೆಲ ನೋಡಿದ. ‘ಭದ್ರವಾಗಿದೆ’ ಎಂದರೆ ಮರುದಿನವೇ ಮಕ್ಕಳು ಎಲ್ಲ ಕೋಣೆಗಳಲ್ಲಿಯೂ ಕೂರುತ್ತಾರೆ. ‘ಅಪಾಯ’ ಎಂದರೆ ಶಾಲೆಗೆ ಬೀಗ. ಸಣ್ಣ ಮಕ್ಕಳು ದೂರದ ಶಾಲೆಗೆ ನಡೆಯಬೇಕು, ಕೆಲವರು ನಿಂತೇ ಬಿಡುತ್ತಾರೆ. ಎರಡು ಮಾತಿಗೂ ಹುಡುಗರಲ್ಲಿ ಪುರಾವೆಯಿಲ್ಲ. ಕೊನೆಗೆ ನಾವು ಬೇರೆ ರೀತಿಯಲ್ಲಿ ಕೇಳಿದೆವು: “ನಿನ್ನ ಕಣ್ಣಿಗೆ ಕಂಡು, ಕೈಯಿಂದ ಅಳೆದು, ಯಾರು ಬಂದು ಕೇಳಿದರೂ ಹೌದೆನ್ನಬಹುದಾದದ್ದು ಏನಾದರೂ ಇದೆಯೋ?”

ಇತ್ತು. ಮೂರನೆಯ ಕೋಣೆಯ ಸ್ಲಾಬಿನ ಕೆಳಗೆ ಒಂದು ಕಡೆ, ಮೊರದಷ್ಟು ಅಗಲಕ್ಕೆ, ಕಾಂಕ್ರೀಟು ಉದುರಿ ಸರಳುಗಳು ಕಾಣುತ್ತಿದ್ದವು. ಹುಡುಗರು ಒಂದು ಸರಳಿನ ತುಕ್ಕನ್ನು ತಂತಿ ಬ್ರಷ್ಷಿನಿಂದ ಉಜ್ಜಿ ವರ್ನಿಯರಿನಲ್ಲಿ ಅಳೆದಿದ್ದರು. ಕಾಂಕ್ರೀಟಿನೊಳಗೆ ಅಡಗಿ ಉಳಿದ ಕಡೆ ಅದು 8 ಮಿಲ್ಲಿಮೀಟರು, ತೆರೆದ ಕಡೆ 6.6. ಎರಡನ್ನೂ ವರ್ಗ ಮಾಡಿ ಭಾಗಿಸಿದರೆ ಉಳಿದ ಉಕ್ಕು ಶೇಕಡಾ 68. ಅಂದರೆ ಆ ಜಾಗದಲ್ಲಿ ಮೂರರಲ್ಲಿ ಒಂದು ಪಾಲು ಉಕ್ಕು ತುಕ್ಕಿಗೆ ಹೋಗಿದೆ. ಸ್ಲಾಬಿನಲ್ಲಿ ಸರಳಿನ ಕೆಳಗಿನ ಕಾಂಕ್ರೀಟು ಪದರ ಸಾಮಾನ್ಯವಾಗಿ 20 ಮಿಲ್ಲಿಮೀಟರಿನ ಆಸುಪಾಸು ಮಾತ್ರ. ಇಂಗಾಲಾಮ್ಲ ಕಂಬದಲ್ಲಿ ಇಳಿದಷ್ಟೇ ಇಲ್ಲಿಯೂ ಇಳಿದಿದ್ದರೆ ಸರಳನ್ನು ಮುಟ್ಟಿರುತ್ತದೆ. ಇದು ವರದಿಯಲ್ಲಿ ಎಲ್ಲಿತ್ತೆಂದರೆ ಅನುಬಂಧದಲ್ಲಿ, ಒಂದು ಛಾಯಾಚಿತ್ರದ ಅಡಿಬರಹವಾಗಿ! ಮೊದಲ ಸಾರಾಂಶ ಅದನ್ನು ‘ಸಣ್ಣಪುಟ್ಟ ದುರಸ್ತಿ’ಯಲ್ಲಿ ಮುಚ್ಚಿತ್ತು, ಎರಡನೆಯದು ‘ಇರಬಹುದು’ಗಳ ರಾಶಿಯಲ್ಲಿ ಮುಳುಗಿಸಿತ್ತು. ಇಡೀ ಪ್ರಾಜೆಕ್ಟಿನಲ್ಲಿ ಅತಿ ಖಚಿತವಾದ ಅಂಕಿ ಇದೇ ಆಗಿತ್ತು.

ಅಲ್ಲಿಂದ ಬರವಣಿಗೆ ಸುಲಭವಾಯಿತು. ಏನು ನೋಡಿದೆವು, ಎಷ್ಟು ಕಡೆ, ಏನು ಕಂಡಿತು, ಯಾವುದನ್ನು ನೋಡಲಿಲ್ಲ ಎಂಬ ಅನುಕ್ರಮ ಹಿಡಿದೆವು. ಮೊದಲು ಕನ್ನಡದಲ್ಲಿ ಬರೆದು ಅನಂತರ ಅವನು ಇಂಗ್ಲಿಷಿಗೆ ತಿರುಗಿಸಿಕೊಂಡ. ಕನ್ನಡದ ಪ್ರತಿ ಹೀಗಿದೆ:

“1986ರ ಒಂದು ಶಾಲಾ ಕಟ್ಟಡದ ಪಡಸಾಲೆಯ ಎಂಟು ಕಂಬಗಳಲ್ಲಿ ಆರನ್ನು ರಿಬೌಂಡ್ ಹ್ಯಾಮರಿನಿಂದ ಪರೀಕ್ಷಿಸಿದೆವು. ಉಪಕರಣದ ರೇಖೆಯ ಪ್ರಕಾರ ಕಂಬಗಳ ಬಲ 23ರಿಂದ 34 ನ್ಯೂಟನ್, ಸರಾಸರಿ ಸುಮಾರು 28. ಒಂದು ಕಂಬದಲ್ಲಿ ಇಂಗಾಲಾಮ್ಲ 22 ಮಿಲ್ಲಿಮೀಟರು ಇಳಿದಿದೆ. ಆದ್ದರಿಂದ ನಿಜವಾದ ಬಲ ಇದಕ್ಕಿಂತ ಗಣನೀಯವಾಗಿ ಕಡಿಮೆ ಇರುವ ಸಂಭವವಿದೆ. ಕಾಂಕ್ರೀಟಿನ ತಿರುಳು ಕೊರೆದು ತೆಗೆದು ಒಡೆದು ನೋಡಿಲ್ಲ. ಮೂರನೆಯ ಕೋಣೆಯ ಸ್ಲಾಬಿನಲ್ಲಿ ಒಂದು ಕಡೆ ಕಾಂಕ್ರೀಟು ಉದುರಿದ್ದು, ಅಳೆದ ಒಂದು ಸರಳಿನ ಉಕ್ಕು ಮೂರರಲ್ಲಿ ಒಂದು ಪಾಲು ಕಡಿಮೆಯಾಗಿದೆ. ಗೋಡೆಯ ಮೂರು ಬಿರುಕುಗಳಲ್ಲಿ ಎರಡು ಏಳು ವಾರಗಳಲ್ಲಿ ಸುಮಾರು ಅರ್ಧ ಮಿಲ್ಲಿಮೀಟರು ಅಗಲವಾದವು. ಅಡಿಪಾಯ, ಮಣ್ಣು, ಕಂಬದೊಳಗಿನ ಸರಳು ಇವನ್ನು ಪರೀಕ್ಷಿಸಿಲ್ಲವಾದ್ದರಿಂದ ಕಟ್ಟಡದ ಒಟ್ಟು ಭದ್ರತೆಯ ಬಗ್ಗೆ ಈ ವರದಿ ಏನನ್ನೂ ಹೇಳುವುದಿಲ್ಲ.”

ತೀರ್ಮಾನಗಳ ಪುಟಕ್ಕೆ ಇದೇ ಮಾತುಗಳು ಸ್ವಲ್ಪ ವಿಸ್ತಾರವಾಗಿ ಹೋದವು, ಒಂದೊಂದರ ಮುಂದೆ ಅದು ಯಾವ ಅಧ್ಯಾಯದ ಯಾವ ಕೋಷ್ಟಕದಿಂದ ಬಂತೆಂಬ ಗುರುತಿನೊಡನೆ. ಕೋಷ್ಟಕ ಸಿಗದ ವಾಕ್ಯಗಳು ಉದುರಿಹೋದವು. 30 ವರ್ಷ ಹೋದದ್ದು ಹಾಗೆಯೇ. ಬಿರುಕಿನ ಬಗ್ಗೆ, ‘ಎರೆಮಣ್ಣಿನ ಚಲನೆಗೆ ಹೊಂದುವಂತಿವೆ, ಒಂದು ಮಳೆಗಾಲ ಅಳೆಯದೆ ಕಾರಣವೆನ್ನಲಾಗದು’ ಎಂದಾಯಿತು. ಸಲಹೆಗಳು ಮೂರೇ: ಕನಿಷ್ಠ ಮೂರು ಕಂಬಗಳಿಂದ ತಿರುಳು ತೆಗೆಸಿ ಒಡೆದು ನೋಡುವುದು, ಮಳೆಗಾಲ ಮುಗಿಯುವ ತನಕ ಬಿರುಕಿನ ಅಳತೆಯನ್ನು ಮುಂದುವರಿಸುವುದು, ಮತ್ತು ಅರ್ಹ ಇಂಜಿನಿಯರರು ಬಂದು ನೋಡುವ ತನಕ ಮೂರನೆಯ ಕೋಣೆಯಲ್ಲಿ ಯಾರನ್ನೂ ಕೂರಿಸದಿರುವುದು. ಕೊನೆಯದನ್ನು ಬರೆಯಲು ಅಳಿಯ ಹಿಂಜರಿದ. ಸ್ಲಾಬು ಬೀಳುತ್ತದೆಂದು ತಾವು ಸಾಧಿಸಿಲ್ಲವಲ್ಲ ಎಂದ. ಸಾಧಿಸಿಲ್ಲ, ನಿಜ. ಆದರೆ ಒಮ್ಮೆ ಉದುರಿದ ಕಾಂಕ್ರೀಟಿನ ಪಕ್ಕದ್ದು ಮತ್ತೆ ಉದುರಬಹುದೆಂದು ಮಕ್ಕಳನ್ನು ಪಕ್ಕಕ್ಕೆ ಕೂರಿಸಲು ಅಷ್ಟು ಸಾಧನೆ ಬೇಕಾಗಿಲ್ಲ.

ಅವನ ಮಾರ್ಗದರ್ಶಕರಿಗೆ ಇದು ಅಷ್ಟಾಗಿ ಹಿಡಿಸಲಿಲ್ಲವಂತೆ. ‘ಒಟ್ಟು ಭದ್ರತೆಯ ಬಗ್ಗೆ ಏನನ್ನೂ ಹೇಳುವುದಿಲ್ಲ’ ಎಂಬ ಸಾಲನ್ನು ತೆಗೆಯಲು ಹೇಳಿದರು. ಪ್ರಾಜೆಕ್ಟು ಸೋತಂತೆ ಕಾಣುತ್ತದೆಂದು ಅವರ ಅಭಿಪ್ರಾಯ. ಹುಡುಗರು ತೆಗೆಯಲಿಲ್ಲ. ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದವರು ಕೇಳಿದ ಮೊದಲ ಪ್ರಶ್ನೆ, ಆ ಎರಡು ಕಂಬಗಳನ್ನು ಏಕೆ ಬಿಟ್ಟಿರಿ ಎಂದು. ಉತ್ತರ ವರದಿಯಲ್ಲಿಯೇ ಇತ್ತು.

ಗೌಡರು ಕನ್ನಡ ಪ್ರತಿಯನ್ನು ಎರಡು ಸಲ ಓದಿಸಿ ಕೇಳಿದರು. “ಹಂಗಾದ್ರ ಮೂರನೇದಕ್ಕ ಬೀಗ, ಉಳಿದದ್ದು ಇಂಜಿನಿಯರು ಬಂದಮ್ಯಾಲ” ಎಂದರು. ಜೂನಿನಲ್ಲಿ ಶಾಲೆ ತೆರೆದಾಗ ಮೂರನೆಯ ಕೋಣೆಯ ಮಕ್ಕಳನ್ನು ಗುಡಿಯ ಕಟ್ಟೆಯ ಮೇಲೆ ಕೂರಿಸಿದರೆಂದು ಭಾವನವರು ಬರೆದರು. ಮೇಲಧಿಕಾರಿಗಳಿಗೆ ಹಳ್ಳಿಯವರು ಕಳುಹಿಸಿದ ಅರ್ಜಿಗೆ ಆ ಎರಡು ಪುಟಗಳನ್ನೇ ಲಗತ್ತಿಸಿದ್ದಾರೆ.

ಆಗಸ್ಟಿನಲ್ಲಿ ಅಳಿಯನಿಂದ ಒಂದು ಕಾಗದ ಬಂತು. ಪರೀಕ್ಷೆ ಮುಗಿದು ಅಂಕವೂ ಬಂದಾಗಿದ್ದರೂ ಅವನು ಮಳೆಯ ನಡುವೆ ಹೋಗಿ ಪೆನ್ಸಿಲಿನ ಗುರುತುಗಳನ್ನು ಅಳೆದು ಬಂದಿದ್ದ. ಹಿಗ್ಗಿದ್ದ ಎರಡರಲ್ಲಿ ಒಂದು ಬಿರುಕು ಬಹುಪಾಲು ಮುಚ್ಚಿಕೊಂಡಿದೆ, ಇನ್ನೊಂದು ಮುಚ್ಚಿಲ್ಲ. ಏಕೆಂದು ತಿಳಿಯದು ಎಂದು ಬರೆದು, ಕೆಳಗೆ ತಾರೀಖು ಹಾಕಿದ್ದಾನೆ.